ಹದಿನೇಳು ಕೆಬಿಯ ಮುಖ

ನನ್ನ ಮುಖಕ್ಕೆ ತೂಕ ಸಾಲದು ಎಂದು ಮೊದಲು ಹೇಳಿದ್ದು ಕಾಪು ಪೇಟೆಯ ಒಂದು ಕಂಪ್ಯೂಟರು. ಅದುವರೆಗೆ ನನಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ನನ್ನದು ಸಣಕಲು ದೇಹವಲ್ಲ, ಅಡಗಿಸುವುದಕ್ಕೆ ಏನಿದೆ?

ಆಗ ನಾನು ಒಂದು ಖಾಸಗಿ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮಕ್ಕಳು ವರ್ಷ ವರ್ಷ ಇಂಗ್ಲಿಷ್ ಶಾಲೆಗೆ ಹಾರಿಹೋಗಿ, ಶಾಲೆ ಇವತ್ತೋ ನಾಳೆಯೋ ಎಂಬಂತಿತ್ತು. ಸರಕಾರಿ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಿದ್ದರು. ಮುಂದಿನ ಸಲ ಕರೆಯುವಾಗ ನನ್ನ ವಯಸ್ಸು ಮಿತಿ ದಾಟಿರುತ್ತಿತ್ತು. ಅಂದರೆ ಇದು ತಪ್ಪಿದರೆ ಮತ್ತೆ ಜನ್ಮದಲ್ಲಿ ಇಲ್ಲ. ಅರ್ಜಿ ಈ ಬಾರಿ ಕಂಪ್ಯೂಟರಿನಲ್ಲೇ ತುಂಬಬೇಕು, ಫೋಟೋವನ್ನೂ ಅದರಲ್ಲೇ ಏರಿಸಬೇಕು ಎಂದಿತ್ತು. ಅಂಟಿನ ಬಾಟಲಿ ಹಿಡಿದು ಬೆಳೆದ ನನಗೆ ಆ ‘ಏರಿಸುವುದು’ ಎಂಬುದೇ ವಿಚಿತ್ರವಾಗಿ ಕಂಡಿತು. ಇವತ್ತು ನಾಳೆ ಎನ್ನುತ್ತ ಕೊನೆಯ ದಿನಕ್ಕೆ ಬಂದು ನಿಂತೆ. ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ ಎಂದು ಪರದೆಯ ತಲೆಯ ಮೇಲೆ ಕೆಂಪಕ್ಷರ ಓಡುತ್ತಿತ್ತು.

ಹಿಂದಿನ ದಿನವೇ ಸ್ಟುಡಿಯೋದಲ್ಲಿ ಫೋಟೋ ತೆಗೆಸಿ ಸಿಡಿ ತಂದಿದ್ದೆ. ನಮ್ಮ ಕಡೆಯ ಸ್ಟುಡಿಯೋದವರಿಗೆ ಒಂದು ಚಾಳಿ ಉಂಟು. ಹೆಣ್ಣಿನ ಫೋಟೋ ಎಂದರೆ ಮದುವೆಗೆ ತೋರಿಸುವುದೇ ಎಂದುಕೊಂಡು ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿಬಿಡುತ್ತಾರೆ. ನನಗೆ ಮದುವೆಯಾಗಿ ಇಬ್ಬರು ಮಕ್ಕಳು ಎಂದು ಹೇಳಿದರೂ ಅವನು ಬಿಟ್ಟಿರಲಿಲ್ಲ. ಬಿಳಿ ಗೋಡೆಯ ಮುಂದೆ ಬಿಳಿ ಮುಖ, ಅದರ ಕೆಳಗೆ ಶಾಲೆಯ ಸಾದಾ ನೀಲಿ ಸೀರೆ. ಮೂಗನ್ನು ಹುಡುಕಬೇಕಿತ್ತು.

ಸೈಬರ್ ಅಂಗಡಿಯವನು ಒಳ್ಳೆಯ ಮನುಷ್ಯ. ಅವನ ಅಕ್ಕನ ಮಕ್ಕಳು ನನ್ನ ಕೈಯಲ್ಲಿ ಕಲಿತಿದ್ದರಿಂದ ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದ. ಹೆಸರು, ತಂದೆಯ ಹೆಸರು, ಅಂಕಗಳು ಎಲ್ಲ ತುಂಬಿಸಿ, ಸಿಡಿಯಲ್ಲಿದ್ದ ಫೋಟೋ ಏರಿಸಿದ. ‘ಕಡತದ ನಮೂನೆ ಸರಿಯಿಲ್ಲ’ ಎಂದು ಬಂತು. ಸ್ಟುಡಿಯೋದವನು ತನ್ನ ಫೋಟೋಶಾಪಿನ ಕಡತವನ್ನೇ ಸಿಡಿಗೆ ಹಾಕಿ ಕೊಟ್ಟಿದ್ದನಂತೆ; ಇವರಿಗೆ ಬೇಕಾದದ್ದು ಜೆಪಿಜಿ.

“ಅಷ್ಟೇ ಅಲ್ವಾ ಟೀಚರ್,” ಎಂದು ಅವನು ಕಡತದ ಹೆಸರಿನ ಬಾಲ ಅಳಿಸಿ ಜೆಪಿಜಿ ಎಂದು ಬರೆದ. ಬೆಕ್ಕಿಗೆ ನಾಯಿ ಎಂದು ಹೆಸರಿಟ್ಟರೆ ಅದು ಬೊಗಳುತ್ತದೆಯೇ? ಮತ್ತೆ ತಿರಸ್ಕಾರ. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು, ಪ್ರತಿ ಸಲ ಫೋಟೋ ತಿರಸ್ಕಾರವಾದಾಗಲೂ ತುಂಬಿದ್ದೆಲ್ಲ ಅಳಿಸಿಹೋಗಿ ಪುನಃ ತಂದೆಯ ಹೆಸರಿನಿಂದ ಶುರುಮಾಡಬೇಕಿತ್ತು. ಸತ್ತು ಸ್ವರ್ಗದಲ್ಲಿದ್ದ ನನ್ನ ಅಪ್ಪನನ್ನು ಆ ಮಧ್ಯಾಹ್ನ ನಾನು ಕರೆದಷ್ಟು ಸಲ ಪ್ರಾರ್ಥನೆಯಲ್ಲೂ ಕರೆದಿಲ್ಲ.

ಕೊನೆಗೆ ಒಂದು ತಂತ್ರಾಂಶದಲ್ಲಿ ತೆರೆದು ನಿಜವಾದ ಜೆಪಿಜಿ ಮಾಡಿದ. ಈಗ ಫೋಟೋ ದೊಡ್ಡದಾಯಿತು ಎಂದಿತು ಅರ್ಜಿ. ಅಗಲ ಮುನ್ನೂರು ಪಿಕ್ಸೆಲ್ ಚುಕ್ಕೆ, ಎತ್ತರ ನಾನೂರು, ತೂಕ ಐವತ್ತು ಕೆಬಿಯೊಳಗೆ ಇರಬೇಕು. ಅವನು ಪೇಂಟಿನಲ್ಲಿ ಫೋಟೋ ತೆರೆದು, ಅಡ್ಡಕ್ಕೆ ಶೇಕಡಾ ಇಪ್ಪತ್ತೈದು ಎಂದು ಕೊಟ್ಟು, ಉದ್ದಕ್ಕೆ ಕೊಡಲು ಮರೆತ. ಪರದೆಯ ಮೇಲೆ ನಾನು ನುಗ್ಗೆಕಾಯಿಯ ಹಾಗೆ ನಿಂತೆ.

ಆಗ ತಾನೇ ರಿಕ್ಷಾ ನಿಲ್ಲಿಸಿ ಒಳಗೆ ಬಂದ ನನ್ನ ಗಂಡ ಅದನ್ನು ನೋಡಿ, “ಇದೇ ಇರಲಿ ಮಾರಾಯ, ಮದುವೆಯ ದಿನ ಹೀಗೇ ಇದ್ದಳು,” ಎಂದರು.

ನಾನು ಅವರನ್ನು ನೋಡಿದ ನೋಟಕ್ಕೆ ಅವರು ಹೊರಗೆ ಹೋಗಿ ರಿಕ್ಷಾದಲ್ಲಿ ಕುಳಿತರು.

ಎರಡು ಕಡೆಗೂ ಇಪ್ಪತ್ತೈದು ಕೊಟ್ಟಾಗ ನಾನು ಪುನಃ ನಾನಾದೆ. ಏರಿಸಿದ. ಕೆಂಪಕ್ಷರ ಬಂತು: ‘ಫೋಟೋ ಇಪ್ಪತ್ತು ಕೆಬಿಗಿಂತ ಕಡಿಮೆ ಇರಬಾರದು.’ ನೋಡಿದರೆ ಹನ್ನೆರಡು. ಇಷ್ಟು ಹೊತ್ತು ದೊಡ್ಡದಾಯಿತು ಎಂದು ಬೈದದ್ದೇ ಈಗ ಸಣ್ಣದಾಯಿತು ಎಂದು ಬೈಯುತ್ತಿತ್ತು. ನಮ್ಮ ಅತ್ತೆಯ ನೆನಪಾಯಿತು. ಗಂಜಿ ಗಟ್ಟಿಯಾದರೆ ನೀರು ಎಲ್ಲಿ ಎನ್ನುತ್ತಾರೆ, ನೀರಾದರೆ ಅನ್ನ ಎಲ್ಲಿ ಎನ್ನುತ್ತಾರೆ.

ಸ್ಟುಡಿಯೋದವನಿಗೆ ಫೋನು ಮಾಡಿದರೆ ಅವನು ಎರ್ಮಾಳಿನ ಮದುವೆ ಹಾಲಿನಲ್ಲಿ, ಬ್ಯಾಂಡಿನ ಗದ್ದಲದಲ್ಲಿ. “ಆಮೇಲೆ ಆಮೇಲೆ” ಎಂಬುದೊಂದೇ ಕೇಳಿಸಿತು. ಸೈಬರಿನವನು ತನ್ನ ಅಣ್ಣ ಕೊಲ್ಲಿಯಿಂದ ತಂದುಕೊಟ್ಟ ಪುಟ್ಟ ಕ್ಯಾಮೆರಾ ತೆಗೆದು, ನನ್ನನ್ನು ಅಲ್ಲೇ ಗೋಡೆಗೆ ಒರಗಿಸಿ ಹೊಸ ಫೋಟೋ ತೆಗೆದ. ಈ ಸಲ ಮೂಗು ಇತ್ತು. ಅದೇ ಅಳತೆಗೆ ಇಳಿಸಿದಾಗ ಹದಿನೇಳು ಕೆಬಿ.

“ಮೂಗಿಗೆ ಐದು ಕೆಬಿ ಬಂತು ಟೀಚರ್,” ಎಂದ ಅವನು, ಬಹಳ ಗಂಭೀರವಾಗಿ.

ಇನ್ನು ಮೂರು ಎಲ್ಲಿಂದ ತರುವುದು? ಅವನು ತನ್ನ ಮದುವೆಯ ಫೋಟೋ ತೆರೆದು ಅದನ್ನೂ ಅದೇ ಅಳತೆಗೆ ಇಳಿಸಿ ನೋಡಿದ. ನಲವತ್ತರ ಮೇಲೆ! ಅವನ ಕೊರಳಲ್ಲಿ ಹಾರ, ಹೆಂಡತಿಯ ಮೈಮೇಲೆ ಜರಿ, ಒಡವೆ, ಹೂವು. ಆಗ ಅವನಿಗೆ ಜ್ಞಾನೋದಯವಾಯಿತು.

“ನಿಮ್ಮ ಫೋಟೋದಲ್ಲಿ ಎಂತದೂ ಇಲ್ಲ ಟೀಚರ್. ಬರೀ ಗೋಡೆ, ಬರೀ ಸೀರೆ. ಕಂಪ್ಯೂಟರಿಗೆ ಹಿಡಿದುಕೊಳ್ಳಲಿಕ್ಕೆ ಏನಾದರೂ ಬೇಕಲ್ಲ? ಸ್ವಲ್ಪ ಹೂ ಮುಡಿಯಿರಿ.”

ನಗಬೇಡಿ. ಅವನು ಹೇಳಿದ್ದು ಸತ್ಯವೇ. ಜೆಪಿಜಿಯಲ್ಲಿ ಸಾದಾ ಜಾಗ ಸಣ್ಣದಾಗಿ ಮಡಚಿಹೋಗುತ್ತದೆ, ಸಣ್ಣ ಸಣ್ಣ ಕೆಲಸವಿರುವ ಜಾಗ ಮಡಚುವುದಿಲ್ಲ. ಮನೆಗೆ ಹೋಗಿ ಚಿತ್ತಾರದ ಸೀರೆ ಉಟ್ಟು ಬಂದಿದ್ದರೂ ಸಾಕಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಅವನು ಹೂ ಎಂದ ಮೇಲೆ ನಮ್ಮೆಲ್ಲರ ತಲೆಯಲ್ಲೂ ಹೂವೇ ಕುಳಿತಿತ್ತು.

ಆದರೆ ಹೂ ಎನ್ನುವುದು ನಮ್ಮ ಮನೆಯಲ್ಲಿ ಸುಲಭದ ಮಾತಲ್ಲ. ನಮ್ಮ ಅತ್ತೆ ಮಲ್ಲಿಗೆ ಬೆಳೆಸುತ್ತಿದ್ದರು. ಬೆಳಗಿನ ಜಾವ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತೇರುವ ಮೊದಲು ಹೂವಿನ ವ್ಯಾಪಾರಿಗಳ ಕಟ್ಟೆಗೆ ಕಳಿಸಿದರೆ ಮುಗಿಯಿತು. ಒಂದು ಮೊಗ್ಗೂ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಹೂ ಬೆಳೆಯುವ ಮನೆಯ ಹೆಂಗಸರು ಹೂ ಮುಡಿಯುವುದೆಂದರೆ ಬಿತ್ತನೆಯ ಭತ್ತ ಬೇಯಿಸಿ ಉಂಡಂತೆ ಎಂಬುದು ಅವರ ಮತ. ಮದುವೆಯಾಗಿ ಬಂದಾಗಿನಿಂದ ಆ ತೋಟದ ಒಂದು ಎಸಳೂ ನನ್ನ ತಲೆ ಏರಿರಲಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಪೇಟೆಯಲ್ಲಿ ನೋಡಿಸಿದೆವು. ಅದು ಮದುವೆಗಳ ಕಾಲ, ಮಧ್ಯಾಹ್ನದ ಮೇಲೆ ಒಂದು ತುಂಡು ಮಲ್ಲಿಗೆಯೂ ಸಿಗಲಿಲ್ಲ. ಗಂಡ ರಿಕ್ಷಾ ತಿರುಗಿಸಿಕೊಂಡು ಮನೆಗೆ ಓಡಿದರು. ನಾನು ಸ್ಟೂಲಿನ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದೆ. ನಾಲ್ಕಾಯಿತು. ಶಾಲೆ ಮುಚ್ಚಿದರೆ ಯಾರ ಮನೆಯಲ್ಲಿ ಟ್ಯೂಷನ್ ಹೇಳುವುದು ಎಂದು ಲೆಕ್ಕ ಹಾಕಲು ಆಗಲೇ ಶುರುಮಾಡಿದ್ದೆ. ಹೆದರಿಕೆಯಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಫ್ಯಾನಿಗೂ ಬೈದೆ.

ರಿಕ್ಷಾ ಬಂದು ನಿಂತಾಗ ಇಳಿದದ್ದು ಅತ್ತೆ. ಕೈಯಲ್ಲಿ ಬಾಳೆಲೆಯ ಕಟ್ಟು. ಹೂ ಮನೆ ಬಿಟ್ಟು ಹೊರಡುವುದಾದರೆ ಅವರ ಕಣ್ಣಳತೆಯಲ್ಲೇ ಹೊರಡಬೇಕು. ಬಿಚ್ಚಿದರೆ, ಇನ್ನೂ ಹಸಿರು ಪೂರ್ತಿ ಬಿಟ್ಟಿರದ ಸಣ್ಣ ಸಣ್ಣ ಮೊಗ್ಗು. ಮರುದಿನ ಬೆಳಗ್ಗೆ ಕೊಯ್ಯಬೇಕಾದದ್ದು. ದಾರಿಯುದ್ದಕ್ಕೂ ರಿಕ್ಷಾದಲ್ಲೇ ಕುಳಿತು ಕಟ್ಟಿದ್ದರು. ನಾನು ಹೂವನ್ನೂ ಅವರನ್ನೂ ನೋಡಿದೆ.

“ಎಂತ ನೋಡುವುದು? ಮುಡಿ,” ಎಂದರು. ನಮ್ಮ ಮನೆಮಾತು ಕೊಂಕಣಿ, ಅತ್ತೆಯನ್ನು ನಾನು ಕರೆಯುವುದು ಮಾಂಯ್ ಎಂದು. ಅಂಗಡಿಯವನಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಹೇಳಿದರು.

ಜಡೆಗೆ ಮುಡಿದೆ. ಫೋಟೋ ತೆಗೆದು ಇಳಿಸಿದರೆ ಪುನಃ ಹದಿನೇಳು!

“ಹಿಂದೆ ಇಟ್ಟರೆ ಕ್ಯಾಮೆರಾಕ್ಕೆ ಹೇಗೆ ಕಾಣುವುದು?” ಎಂದು ಅತ್ತೆ ಅಂಗಡಿಯವನನ್ನೇ ಗದರಿ, ಒಂದು ಮಾಲೆಯನ್ನು ನನ್ನ ಬಲ ಹೆಗಲಿನಿಂದ ಮುಂದಕ್ಕೆ ಇಳಿಬಿಟ್ಟರು. ಹತ್ತೊಂಬತ್ತು. ಅವರು ಪರದೆಯ ಹತ್ತಿರ ಬಗ್ಗಿ ಕನ್ನಡಕ ಸರಿಮಾಡಿಕೊಂಡರು. ಕಟ್ಟೆಯಲ್ಲಿ ದರ ಕೇಳುವಾಗಿನ ಮುಖ ಅದು. ಉಳಿದದ್ದನ್ನೆಲ್ಲ ತೆಗೆದು ಎಡ ಹೆಗಲಿಗೂ ಎದೆಯ ಮೇಲಕ್ಕೂ ಮದುಮಗಳಿಗೆ ಹಾಕಿದಂತೆ ಹರಡಿದರು. ಸಾದಾ ನೀಲಿ ಸೀರೆಯ ಮೇಲೆ ಒಂದೊಂದು ಮೊಗ್ಗೂ ಬೇರೆ ಬೇರೆ ಕಾಣುತ್ತಿತ್ತು.

ಇಪ್ಪತ್ತಮೂರು.

ಅಪ್ಪನ ಹೆಸರನ್ನು ಕೊನೆಯ ಸಲ ತುಂಬಿದೆವು. ಫೋಟೋ ಏರಿತು. ಕೆಂಪು ಹೋಗಿ ಹಸಿರಕ್ಷರ ಬಂತು, ಅರ್ಜಿಯ ಸಂಖ್ಯೆ ಬಂತು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ, “ನಾಳೆ ಕಟ್ಟೆಗೆ ಎಂತ ಕಳಿಸುವುದು?” ಎಂದು ಗೊಣಗುತ್ತ ರಿಕ್ಷಾ ಹತ್ತಿದರು.

ಮರುದಿನ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಸೈಬರಿಗೆ ಬಂದವನು ಈ ಕಥೆ ಕೇಳಿ ಬಿದ್ದು ಬಿದ್ದು ನಕ್ಕನಂತೆ. ಬೇರೆ ತಂತ್ರಾಂಶದಲ್ಲಿ ಉಳಿಸುವಾಗ ಗುಣಮಟ್ಟ ಎಂಬ ಗುಂಡಿಯನ್ನು ಸ್ವಲ್ಪ ಮೇಲಕ್ಕೆ ಜಾರಿಸಿದರೆ ಹೂವಿಲ್ಲದೆಯೇ ಕೆಬಿ ಏರುತ್ತಿತ್ತಂತೆ. ಅದನ್ನು ಅತ್ತೆಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಪರೀಕ್ಷೆಯ ಪ್ರವೇಶಪತ್ರವನ್ನು ಅದೇ ಅಂಗಡಿಯ ಕಪ್ಪುಬಿಳುಪು ಪ್ರಿಂಟರಿನಲ್ಲಿ ತೆಗೆಸಿದೆ. ಶಾಯಿ ಕುಡಿದು ನನ್ನ ಮುಖ ಇದ್ದಿಲಾಗಿತ್ತು. ಮಲ್ಲಿಗೆ ಮಾತ್ರ ಫಳಫಳ ಹೊಳೆಯುತ್ತಿತ್ತು. ಉಡುಪಿಗೆ ಪರೀಕ್ಷೆಗೆ ಹೊರಟ ಬೆಳಗ್ಗೆ ಅತ್ತೆ ಆ ಕಾಗದವನ್ನು ಒಮ್ಮೆ ನೋಡಿ ಒಳಗೆ ಹೋದರು. ಕಟ್ಟೆಗೆ ಕಳಿಸುವ ಕಟ್ಟಿನಿಂದ ಒಂದು ಮಾಲೆ ತಂದು, ಎರಡೂ ಹೆಗಲ ಮೇಲೆ ಮುಂದಕ್ಕೆ ಬರುವ ಹಾಗೆ ಮುಡಿಸಿದರು. “ಫೋಟೋದಲ್ಲಿ ಉಂಟಲ್ಲ, ಕೇಳಿದರೆ?” ಎಂದರು.

ಕೇಳಿದರು. ಕೋಣೆಯ ಮೇಲ್ವಿಚಾರಕರು ಕಾಗದವನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು. “ಇದರಲ್ಲಿ ಮುಖವೇ ಗೊತ್ತಾಗುವುದಿಲ್ಲವಲ್ಲ ಮೇಡಂ,” ಎಂದರು. ಶಾಲೆಯ ಗುರುತಿನ ಚೀಟಿ ತೋರಿಸಿದೆ. ಅವರು ಅದನ್ನು ನೋಡಿದರು, ಕಾಗದ ನೋಡಿದರು, ಕೊನೆಗೆ ನನ್ನ ಹೆಗಲು ನೋಡಿದರು. “ಹೂ ಸರಿ ಉಂಟು,” ಎಂದು ನಗುತ್ತ ಸಹಿ ಹಾಕಿದರು.

ಮನೆಗೆ ಬಂದಾಗ ಅತ್ತೆ ಜಗಲಿಯಲ್ಲೇ ಇದ್ದರು. “ಎಂತ ಆಯಿತು?”

“ನಿಮ್ಮ ಹೂ ಪಾಸಾಯಿತು. ನನ್ನದು ಇನ್ನು ಗೊತ್ತಾಗಬೇಕಷ್ಟೆ.”

ನನ್ನದೂ ಆಯಿತು. ಬಜಗೋಳಿಯಿಂದ ಒಳಗಿನ ಒಂದು ಶಾಲೆಗೆ ಆದೇಶ ಬಂತು. ಮೊದಲ ದಿನ ಹೊರಡುವಾಗ ಬಸ್ಸಿಗೆ ಹೊತ್ತಾಗುತ್ತದೆಂದು ಗಡಿಬಿಡಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಅತ್ತೆ ಬಂದು ನನ್ನ ಜಡೆಗೆ ಏನೋ ಸಿಕ್ಕಿಸುತ್ತಿದ್ದರು. ಈ ಸಲ ಮುಂದಕ್ಕೆ ಇಳಿಬಿಡಲಿಲ್ಲ, ಹಿಂದೆಯೇ.

“ಇವತ್ತು ಫೋಟೋ ಇಲ್ಲ ಮಾಂಯ್,” ಎಂದೆ.

“ಫೋಟೋಕ್ಕೆ ಅಂತ ಯಾರು ಹೇಳಿದರು?” ಎಂದರು ಅತ್ತೆ.