ತಿದ್ದುಪಡಿ ಎರಡು ಸಲ

ಆಗ ನಾನು ಹಾವೇರಿಯ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಡಿಸೈನ್ ಕೆಲಸ ಮಾಡುತ್ತಿದ್ದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ತಮ್ಮ ಖಾರದಪುಡಿ ಪ್ಯಾಕೆಟ್ಟಿಗೆ ಡಿಸೈನ್ ಬೇಕೆಂದರು. ಕೊಟೇಶನ್ ಬರೆದುಕೊಂಡು ಅವರ ಅಂಗಡಿಗೆ ಹೋದೆ: ಪ್ಯಾಕೆಟ್ಟಿನ ಎರಡೂ ಬದಿಯ ಡಿಸೈನ್, ಮುದ್ರಣ ಸೇರಿಲ್ಲ, ತಿದ್ದುಪಡಿ ಎರಡು ಸಲ, ದಸರೆಯ ಹಿಂದಿನ ಸೋಮವಾರ ಕೊಡುವುದು, ಅರ್ಧ ಹಣ ಮುಂಗಡ, ಉಳಿದರ್ಧ ಕೆಲಸ ಕೊಟ್ಟಾಗ.

ಸಾಹುಕಾರರು ಹಣದ ಸಾಲಿಗೆ ತಕರಾರು ಮಾಡಲಿಲ್ಲ. ತಿದ್ದುಪಡಿಯ ಮೇಲೆ ಬೆರಳಿಟ್ಟರು.

“ಎರಡು ತಪ್ಪು ಮಾಡ್ತೀನಿ ಅಂತ ಮೊದಲ ಬರದು ಕೊಡಾಕತ್ತೀರಲ್ರಿ?”

“ಹಂಗಲ್ರಿ ಸಾವಕಾರ್ರ, ನಿಮಗ ಏನರ ಬದಲಿ ಬೇಕನಿಸಿದ್ರ ಎರಡು ಸಲ ಮಾಡಿಕೊಡ್ತೀನಿ ಅಂತ.”

“ತಪ್ಪಿಲ್ಲದಂಗ ಮಾಡಿದ್ರ ನಾ ಯಾಕ ಬದಲಿ ಕೇಳ್ಲಿ?”

ನನಗೆ ಪಿತ್ತ ನೆತ್ತಿಗೇರಿತು. ಅಲ್ಲೇ ಕೂತು ‘ತಿದ್ದುಪಡಿ ಇಲ್ಲ’ ಎಂದು ಹೊಸ ಕೊಟೇಶನ್ ಬರೆದುಕೊಟ್ಟೆ. ಅವರು ಖುಷಿಯಿಂದ ಸಹಿ ಹಾಕಿ, ಮುಂಗಡ ಕೊಟ್ಟು, ಚಹಾ ಕುಡಿಸಿದರು.

ಹೇಳಿದ ಸೋಮವಾರ ಡಿಸೈನ್ ಒಯ್ದೆ. ನಾನು ಬಿಡಿಸಿದ ಮೆಣಸಿನಕಾಯಿ ನುಣ್ಣಗೆ ಮಿಂಚುತ್ತಿತ್ತು.

“ಇದಕ್ಕ ಸುಕ್ಕು ಎಲ್ಲೈತ್ರಿ? ನಮ್ಮ ಕಾಯಿ ಅಲ್ಲ ಇದು, ಗುಂಟೂರಿಂದು!” ಎಂದರು ಸಾಹುಕಾರರು.

“ತಿದ್ದುಪಡಿ ಇಲ್ಲ ಅನ್ನೂದಕ್ಕ ನೀವ ಸಹಿ ಮಾಡೀರಿ,” ಎಂದು ಬೀಗಿದೆ.

ಅವರು ಚಿತ್ರದ ಕೆಳಗಿನ ದಪ್ಪಕ್ಷರ ತೋರಿಸಿದರು. ‘ಅಪ್ಪಟ ಬ್ಯಾಗಡಿ ಮೆಣಸಿನಕಾಯಿ’ ಎಂದಿತ್ತು. ಊರಿನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿದ್ದೆ.

ಸಾಹುಕಾರರು ಗಲ್ಲಾಪೆಟ್ಟಿಗೆಯಿಂದ ನನ್ನ ಹಳೆಯ ಕೊಟೇಶನ್ ತೆಗೆದರು.

“ಎರಡು ಅಂತ ಸರಿಯಾಗೇ ಬರದಿದ್ರಿ. ಇದಕ್ಕ ಸಹಿ ಮಾಡ್ಲೇನ್ರಿ?”