ಭಾಗ್ಯಳ ಬದಲಿಗೆ ಒಂದು ದಿನ

ನಮ್ಮ ಯಜಮಾನ್ರು ಆಂಜಿನಯ್ಯ ನೀರಿನ ಬೋರ್ಡಿನಲ್ಲಿ ವಾಲ್ವ್ ಮ್ಯಾನ್ ಆಗಿದ್ದರು. ಬೆಳಗಿನ ಜಾವ ಎದ್ದು ಚಾಮರಾಜಪೇಟೆಯ ಬೀದಿಗಳಿಗೆ ನೀರು ಬಿಡೋದು ಅವರ ಕೆಲಸ. ಒಂದು ದಿನ ವಾಲ್ವ್ ತಿರುಗಿಸಿ ಎದ್ದು ನಿಂತರು. ಟೆಂಪೋ ಬಂದು ಹೊಡೆಯಿತು. ಡ್ರೈವರ್ ನಿಲ್ಲಿಸಲಿಲ್ಲ.

ಆ ಹೊತ್ತಿನಲ್ಲಿ ಬೀದಿಯಲ್ಲಿ ಇನ್ನೊಬ್ಬಳು ಮಾತ್ರ ಇದ್ದಳು. ಅವಳು ಭಾಗ್ಯ. ಕಾಟನ್‌ಪೇಟೆಯಿಂದ ಬಸವನಗುಡಿಗೆ ಕೆಲಸಕ್ಕೆ ನಡ್ಕೊಂಡು ಹೋಗುತ್ತಿದ್ದಳು. ಟೆಂಪೋ ನಂಬರು ನೋಡಿದಳು. ನಮ್ಮವರ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಆಂಬುಲೆನ್ಸ್ ಬರೋವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಅವಳು ಆಸ್ಪತ್ರೆವರೆಗೂ ಬಂದಳು. ಸೀರೆಯೆಲ್ಲಾ ರಕ್ತ. ಅಲ್ಲಿಂದಲೇ ಕೆಲಸಕ್ಕೆ ಹೋದಳಂತೆ. ಲೇಟಾಯ್ತು ಅಂತ ಬೈಸಿಕೊಂಡಳಂತೆ.

ಇದು ಅವಳ ಕಥೆ. ನನ್ನದನ್ನು ಬರೆಯೋಕೆ ನನಗೆ ಇನ್ನೂ ಆಗಲ್ಲ.

ಭಾಗ್ಯ ಹುಟ್ಟಿದ್ದು ಕಾಟನ್‌ಪೇಟೆಯಲ್ಲೇ, ಗೋಡೌನುಗಳ ಹಿಂದಿನ ಓಣಿಯಲ್ಲಿ. ಅಪ್ಪ ಮೂಟೆ ಹೊರುತ್ತಿದ್ದರು. ಹತ್ತನೇ ಕ್ಲಾಸಿನಲ್ಲಿ ಗಣಿತ ಒಂದು ಹೋಯಿತು. ಅಷ್ಟರಲ್ಲಿ ಅವೆನ್ಯೂ ರಸ್ತೆಯಲ್ಲಿ ಒಂದು ಕವರ್ ಅಂಟಿಸೋ ಅಂಗಡಿಗೆ ಸೇರಿಕೊಂಡಿದ್ದಳು. ಮತ್ತೆ ಪರೀಕ್ಷೆ ಕಟ್ಟಿದಳು. ಪರೀಕ್ಷೆ ದಿನ ರಜೆ ಕೇಳಿದಳು. ಸಾಹುಕಾರ ನಕ್ಕುಬಿಟ್ಟನಂತೆ.

"ನೀನು ಪಾಸಾದ್ರೆ ನನ್ನ ಕವರು ಯಾರಮ್ಮ ಅಂಟಿಸ್ತಾರೆ?" ಅಂದನಂತೆ.

ಅವಳು ಎರಡನೇ ಸಲ ಕೇಳಲಿಲ್ಲ. ಹಾಲ್ ಟಿಕೆಟ್ ಮನೆಯಲ್ಲೇ ಉಳಿಯಿತು. ಪರೀಕ್ಷೆಗೆ ರಜೆ ಕೊಡಲೇಬೇಕು ಅಂತ ಅಂಥ ಅಂಗಡಿಗಳಿಗೆ ಯಾವ ಕಾನೂನೂ ಇಲ್ಲ ಅಂತ ಆಮೇಲೆ ಯಾರೋ ಹೇಳಿದರಂತೆ. "ಇದ್ದಿದ್ರೂ ನನಗೆ ಗೊತ್ತಾಗ್ತಿರಲಿಲ್ಲ ಅಕ್ಕ" ಅಂತ ನನ್ನ ಹತ್ತಿರ ಹೇಳಿದಳು.

ಮದುವೆ ಆಯಿತು, ಮಗಳು ಹುಟ್ಟಿದಳು. ಗಂಡ ಬಿಟ್ಟು ಹೋದ. ಅದರ ಬಗ್ಗೆ ಅವಳು ಮಾತಾಡಲ್ಲ, ನಾನೂ ಕೇಳಲ್ಲ. ಹತ್ತು ಹನ್ನೆರಡು ವರ್ಷದಿಂದ ಬಸವನಗುಡಿಯ ಲಕ್ಷ್ಮೀದೇವಮ್ಮನ ಕಾಂಡಿಮೆಂಟ್ಸ್‌ನಲ್ಲಿ ಕೆಲಸ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಐದಾರು ಹೆಂಗಸರು ಕೂತು ಚಕ್ಕುಲಿ ಒತ್ತುತ್ತಾರೆ, ನಿಪ್ಪಟ್ಟು ತಟ್ಟುತ್ತಾರೆ. ಭಾಗ್ಯ ಕೋಡುಬಳೆ ಸುತ್ತುವವಳು. ಅವಳ ಬೆರಳು ನೋಡಿದರೆ ಯಂತ್ರ ಅನ್ನಿಸುತ್ತೆ. ಬಾಯಿ ಮಾತ್ರ ಸುಮ್ಮನಿರಲ್ಲ.

ಕೇಸು ಕೋರ್ಟಿಗೆ ಬಂತು. ನನ್ನ ಸಾಕ್ಷಿ ಮೊದಲೇ ಮುಗಿಯಿತು. ನಾನು ಏನು ಹೇಳೋದಿತ್ತು? ಬಾಡಿ ನಮ್ಮವರದೇ ಅಂದೆ, ಅಷ್ಟೇ. ಕಣ್ಣಲ್ಲಿ ನೋಡಿದವಳು ಭಾಗ್ಯ ಒಬ್ಬಳೇ. ಡ್ರೈವರ್ ಪರವಾಗಿ ವಕೀಲರು ಹೇಳುತ್ತಿದ್ದದ್ದು ಒಂದೇ ಮಾತು. ಕತ್ತಲಿತ್ತು, ಸತ್ತವನೇ ಅಡ್ಡ ಬಂದ.

ಟ್ರಾಫಿಕ್ ಸ್ಟೇಷನ್ನಿನ ಪೇದೆ ಪ್ರಭುದೇವ ಸಮನ್ಸ್ ತಗೊಂಡು ಅಂಗಡಿಗೇ ಹೋದ. ಗಿರಾಕಿಗಳ ಮುಂದೆ ಪೊಲೀಸು. ಲಕ್ಷ್ಮೀದೇವಮ್ಮನಿಗೆ ಕೋಪ ಬಂತು. ಒಂದು ಬಿಳಿ ಹಾಳೆಯಲ್ಲಿ, ಕೋರ್ಟಿನ ದಿನ ಆರ್ಡರು ಜಾಸ್ತಿ ಇದೆ, ಭಾಗ್ಯಳಿಗೆ ರಜೆ ಕೊಡಲು ಆಗುವುದಿಲ್ಲ, ಬೇರೆ ದಿನ ಕರೆಯಿರಿ ಅಂತ ಬರೆದು ಸೀಲು ಹೊಡೆದು ಕೊಟ್ಟರು. ಭಾಗ್ಯ ಅದನ್ನು ಪೇದೆ ಕೈಗೆ ಕೊಟ್ಟು ನೆಮ್ಮದಿಯಾಗಿ ಕೋಡುಬಳೆ ಸುತ್ತುತ್ತಾ ಕೂತಳು. ಸ್ಕೂಲಿಗೆ ರಜಾ ಚೀಟಿ ಕೊಟ್ಟ ಹಾಗೆ.

ಆ ದಿನ ಕೋರ್ಟಿನಲ್ಲಿ ಹೆಸರು ಕೂಗಿದರು. ಯಾರೂ ಬರಲಿಲ್ಲ. ನಾನು ಬೆಂಚಿನ ಮೇಲೆ ಕೂತಿದ್ದೆ.

ಸರ್ಕಾರಿ ವಕೀಲರು ಹೊರಗೆ ಬಂದು ನನ್ನನ್ನು ಕರೆದರು. ಆ ಚೀಟಿ ಅವರ ಫೈಲಿನಲ್ಲಿತ್ತು.

"ಏನಮ್ಮ ಇದು? ಕೋರ್ಟೇನು ಟ್ಯೂಷನ್ನಾ?"

"ಓನರ್ ಬಿಡಲ್ಲ ಅಂದ್ರೆ ಅವಳೇನ್ ಮಾಡ್ತಾಳೆ ಸಾರ್?"

"ಓನರ್ ಬಿಡೋದು ಬಿಡದೇ ಇರೋದು ಕೋರ್ಟಿಗೆ ಸಂಬಂಧ ಇಲ್ಲ. ಸಮನ್ಸ್ ಇರೋದು ಅವಳ ಹೆಸರಿಗೆ. ಬರದೇ ಇದ್ರೆ ವಾರಂಟು ಬರೋದೂ ಅವಳ ಹೆಸರಿಗೇ. ಓನರ್ ಹೆಸರಿಗಲ್ಲ."

"ಮತ್ತೆ ಅವಳ ಆ ದಿನದ ಸಂಬಳ?"

ಅವರು ಕನ್ನಡಕ ತೆಗೆದರು. "ಅದು ಕೊಡಲೇಬೇಕು ಅಂತ ಖಾಸಗಿ ಅಂಗಡಿಗೆ ಕಾನೂನಿಲ್ಲಮ್ಮ. ಸರ್ಕಾರಿ ನೌಕರರಿಗೆ ಬೇರೆ. ಇವಳ ಲೆಕ್ಕದಲ್ಲಿ ರಜೆ ಉಳಿದಿದ್ರೆ ಹಾಕ್ಕೊಳ್ಳಲಿ. ಬಂದಿದ್ದಕ್ಕೆ ಕೋರ್ಟಿಂದ ಒಂದು ಚೀಟಿ ಕೊಡಿಸ್ತೀನಿ. ಬಸ್ಸಿನ ಖರ್ಚು ಕೇಳಬಹುದು. ಅಷ್ಟೇ. ಮುಂದಿನ ಡೇಟಿಗೂ ಬರದಿದ್ರೆ ಜಡ್ಜ್ ಸಾಹೇಬರು ಅವಳ ಸಾಕ್ಷಿ ಬಿಟ್ಟು ಮುಂದಕ್ಕೆ ಹೋಗ್ಬಿಡಬಹುದು. ಆಮೇಲೆ ನನ್ನ ಕೈಲಿ ಏನೂ ಉಳಿಯಲ್ಲ."

ಮುಂದಿನ ಡೇಟು ಗೌರಿ ಹಬ್ಬದ ಹಿಂದಿನ ದಿನ.

ನಾನು ಅಂಗಡಿಗೆ ಹೋದೆ. ಲಕ್ಷ್ಮೀದೇವಮ್ಮ ಕೌಂಟರಿನಲ್ಲಿ ಕೂತಿದ್ದರು. ಕೆಟ್ಟವರಲ್ಲ. ಯಾರ ಹತ್ತಿರವೂ ಸುಳ್ಳು ಹೇಳುವವರಲ್ಲ. ಭಾಗ್ಯ ಕೋರ್ಟಿಗೆ ಹೋಗೋಕೆ ಸಂಬಳ ಹಿಡಿಯದೆ ಒಂದು ದಿನ ರಜೆ ಕೊಡಿ ಅಂದೆ.

"ಓಟಿನ ದಿನ ರಜ ಕೊಟ್ಟೆ" ಅಂದರು. "ಮೊದಲು, ಓಟು ಹಾಕಿ ಹತ್ತು ಗಂಟೆಗೆ ಬಂದ್ಬಿಡಿ ಅಂದಿದ್ದೆ. ಆಮೇಲೆ ಲೇಬರ್ ಆಫೀಸಿನಿಂದ ನೋಟೀಸು ಬಂತು. ಓಟಿರೋ ಎಲ್ಲರಿಗೂ ರಜ ಕೊಡಬೇಕು, ಸಂಬಳ ಹಿಡಿಯೋ ಹಾಗಿಲ್ಲ, ಕೂಲಿಯವರಿಗೂ ಕೊಡಬೇಕು ಅಂತ. ಬಾಗಿಲು ಹಾಕಿದೆ, ಸಂಬಳಾನೂ ಕೊಟ್ಟೆ. ಕೋರ್ಟಿಗೆ ಹಂಗೆ ಯಾವುದಾದ್ರೂ ನೋಟೀಸಿದ್ರೆ ತೋರ್ಸಿ, ಕೊಡ್ತೀನಿ."

ನನ್ನ ಹತ್ತಿರ ಏನಿತ್ತು ತೋರಿಸೋಕೆ? "ಇಲ್ಲ" ಅಂದೆ.

"ಇಲ್ಲ ಅಲ್ವಾ. ಅವಳ ರಜೆ ಎಲ್ಲಾ ಮಗಳಿಗೆ ಡೆಂಗ್ಯೂ ಬಂದಾಗ್ಲೇ ಮುಗೀತು. ಗೌರಿ ಹಬ್ಬದ ಹಿಂದಿನ ದಿನ ಕೋಡುಬಳೆಯವಳನ್ನ ಕಳಿಸಿ ನಾನು ಬೆಪ್ಪಾಗಿ ಕೂತ್ಕೊಳ್ಳಲಾ?"

"ಅವಳು ಬರದಿದ್ರೆ ವಾರಂಟು ಬರುತ್ತಂತೆ. ಪೊಲೀಸ್ ಮತ್ತೆ ಅಂಗಡಿಗೇ ಬರ್ತಾರೆ."

ಅದು ಅವರಿಗೆ ನಾಟಿತು. ಬೀದಿ ಕಡೆ ನೋಡಿದರು. ಹಿಂದಿನಿಂದ ಭಾಗ್ಯ ಬಂದು ಬಾಗಿಲಲ್ಲಿ ನಿಂತಳು. ಕೈಯೆಲ್ಲಾ ಹಿಟ್ಟು.

"ಹೋಗಲೇಬೇಕಂತೆ ಅಮ್ಮ. ಸಂಬಳ ಹಿಡ್ಕೊಳ್ಳಿ. ಕೆಲಸ ಮಾತ್ರ ಹಿಡ್ಕೋಬೇಡಿ" ಅಂದಳು.

"ನಿನ್ನ ಬಾಯಿಗಿಷ್ಟು" ಅಂದರು ಲಕ್ಷ್ಮೀದೇವಮ್ಮ. "ಬದಲಿ ಕೊಟ್ಟು ಹೋಗು. ಯಾರ್ನಾದ್ರೂ ಕರ್ಕೊಂಡ್ಬಾ."

ಅಲ್ಲಿ ಅದು ಪದ್ಧತಿ. ಯಾರಾದರೂ ಬರದೇ ಇದ್ದರೆ ಕೆಲಸ ಗೊತ್ತಿರೋ ಇನ್ನೊಬ್ಬ ಹೆಂಗಸನ್ನು ಅವರೇ ಕಳಿಸಬೇಕು. ತಂಗಿ, ಅತ್ತಿಗೆ, ಪಕ್ಕದ ಮನೆಯವಳು. ಆದರೆ ಹಬ್ಬದ ಹಿಂದಿನ ದಿನ ಯಾರು ಸಿಗುತ್ತಾರೆ?

"ನಾನು ಬರ್ತೀನಿ. ಕೋಡುಬಳೆ ನನಗೆ ಬರುತ್ತೆ" ಅಂದೆ.

ಲಕ್ಷ್ಮೀದೇವಮ್ಮ ನನ್ನ ಹಣೆ ನೋಡಿದರು. ಆಮೇಲೆ ಡಬ್ಬಗಳನ್ನು ನೋಡಿದರು.

"ಗೌರಿ ಹಬ್ಬದ ಆರ್ಡರು, ಕಮಲಮ್ಮ. ಮುತ್ತೈದೆಯರಿಗೆ ಹೋಗೋದು. ನನಗೇನಿಲ್ಲ. ಗಿರಾಕಿಗಳು ಅಂತಾರೆ."

"ಗಿರಾಕಿ ಅಡುಗೆಮನೆಗೆ ಬರ್ತಾರಾ?"

"ಇಲ್ಲ."

"ಮತ್ತೆ?"

ಅವರು ಒಂದು ಡಬ್ಬದ ಮುಚ್ಚಳ ಹಾಕಿದರು. ಆಮೇಲೆ ಅಂದರು, "ಒಳಗಡೆ ಕೂತ್ಕೊಳ್ಳಿ. ಕೌಂಟರ್ ಕಡೆ ಬರಬೇಡಿ."

ಒಪ್ಪಿಕೊಂಡೆ. ನೋವಾಯಿತು. ನೋವು ನೋಡ್ಕೊಂಡು ಕೂತರೆ ಸಾಕ್ಷಿ ಹೋಗುತ್ತಿತ್ತು.

ಆ ದಿನ ಭಾಗ್ಯ ಬೆಳಿಗ್ಗೆ ಅಂಗಡಿಗೆ ಬಂದು ನನ್ನನ್ನು ಅವಳ ಮಣೆಯ ಮೇಲೆ ಕೂರಿಸಿ ಹೋದಳು. ನಾನು ಹಿಟ್ಟು ನಾದಿದೆ, ಹೊಸೆದೆ, ಸುತ್ತಿದೆ. ನನ್ನದು ಸ್ವಲ್ಪ ದಪ್ಪ ಬರುತ್ತಿತ್ತು. ಪಕ್ಕದವಳು, "ಇದು ಕೋಡುಬಳೆನಾ, ಕೈಬಳೆನಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮವರು ಹೋದ ಮೇಲೆ ಅದೇ ಮೊದಲು ಇರಬೇಕು. ಮತ್ತೆ ಹಿಟ್ಟಿಗೆ ಕೈ ಹಾಕಿದೆ. ಅಲ್ಲಿ ಕೋರ್ಟಿನಲ್ಲಿ ಅವರು ಹೇಗೆ ಸತ್ತರು ಅಂತ ಒಬ್ಬಳು ಹೇಳುತ್ತಿದ್ದಳು. ಕೇಳೋಕೆ ನಾನು ಅಲ್ಲಿರಲಿಲ್ಲ. ಎಲ್ಲಾ ಡೇಟಿಗೂ ಹೋಗಿದ್ದೆ. ಅದೊಂದು ದಿನ ಹೋಗಲಿಲ್ಲ.

ಸಂಜೆ ಭಾಗ್ಯ ಬಂದಳು. ಕೈಕಾಲು ತೊಳೆದಳು. ನಾನು ಎದ್ದು ಜಾಗ ಬಿಡೋಕೆ ಹೋದೆ. ಕೂತ್ಕೊಳ್ಳಿ ಅಕ್ಕ ಅಂತ ಪಕ್ಕದಲ್ಲೇ ಕೂತಳು.

"ಆ ಡ್ರೈವರ್ ವಕೀಲ ಇದಾನಲ್ಲ, ಮೊದಲು ಬೆಳಕಿತ್ತಾ ಕತ್ತಲಿತ್ತಾ ಅಂದ. ಬೀದಿ ದೀಪ ಇತ್ತು ಅಂದೆ. ನಂಬರು ಹೆಂಗೆ ಓದಿದೆ ಅಂದ. ಹತ್ತನೇ ಕ್ಲಾಸ್ ವರೆಗೂ ಓದಿದೀನಿ ಅಂದೆ. ಆಮೇಲೆ ಕೇಳ್ತಾನೆ, ಇವತ್ತು ರಜಾ ಹೆಂಗೆ ಸಿಕ್ತು?"

ನನ್ನ ಕೈ ನಿಂತಿತು.

"ಏನಂದೆ?"

"ಇದ್ದದ್ದು ಹೇಳಿದೆ. ಸತ್ತವರ ಹೆಂಡ್ತಿ ನನ್ನ ಬದಲಿಗೆ ಕೂತಿದಾರೆ ಅಂದೆ. ಅವನಿಗೆ ಖುಷಿ ಆಗೋಯ್ತು ಅಕ್ಕ. ಹಾಗಾದ್ರೆ ಅವರ ಉಪಕಾರಕ್ಕೆ ಸುಳ್ಳು ಹೇಳ್ತಿದೀಯ ಅಂದ."

ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಬದಲಿ ಕೊಡೋದು ನಮಗೆ ಅಂಗಡಿ ಮಾತು. ಅಲ್ಲಿ ಅದನ್ನು ಲಂಚದ ಹಾಗೆ ಎತ್ತಿ ತೋರಿಸಿದರು.

"ಅದಕ್ಕೆ?"

"ಅವರು ಕೂತಿರೋದು ಕೋಡುಬಳೆ ಸುತ್ತೋಕೆ ಸ್ವಾಮಿ, ಟೆಂಪೋ ನೋಡಿದ್ದು ನಾನು ಅಂದೆ. ಪೊಲೀಸ್ರಿಗೆ ಇದನ್ನೇ ಹೇಳಿದಾಗ ಅವರ ಮುಖಾನೂ ಗೊತ್ತಿರಲಿಲ್ಲ ಅಂದೆ. ಸಾಹೇಬ್ರು ಎಲ್ಲಾ ಟೈಪ್ ಮಾಡಿಸ್ಕೊಂಡ್ರು. ಕೋಡುಬಳೇನೂ."

ಕೋರ್ಟಿನ ಹಾಜರಿ ಚೀಟಿಯನ್ನು ಲಕ್ಷ್ಮೀದೇವಮ್ಮನಿಗೆ ಕೊಟ್ಟಳು. ಅವರು ಓದಿ ಮಡಚಿ ಡ್ರಾಯರಿಗೆ ಹಾಕಿದರು. ಸಂಬಳ ಹಿಡಿದರು. ಕಾನೂನಿನಲ್ಲಿ ತಪ್ಪೇನಿಲ್ಲ. ಕೆಲಸ ಹಿಡಿಯಲಿಲ್ಲ.

ಆಮೇಲೆ ಸರ್ಕಾರಿ ವಕೀಲರು ನನಗೆ ಬೈದರು. ಒಂದು ಮಾತು ನನ್ನನ್ನ ಕೇಳಬಾರದಾಗಿತ್ತಾ ಅಂದರು. ಅವಳು ಮುಚ್ಚಿಟ್ಟಿದ್ದರೆ ಕೇಸು ಕೆಡುತ್ತಿತ್ತಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಒಳ್ಳೆಯದಾಯಿತಂತೆ. ಎಷ್ಟು ಒಳ್ಳೆಯದಾಯಿತು ಅಂತ ತೀರ್ಪು ಬಂದಾಗ ಗೊತ್ತಾಗುತ್ತೆ.

ಒಂದು ವಿಷಯ ನಾನು ಆಗಾಗ ಯೋಚನೆ ಮಾಡುತ್ತೇನೆ. ಓಟು ಹಾಕೋಕೆ ಸಂಬಳದ ಜೊತೆ ರಜೆ ಇದೆ. ಅದು ಬೇಕು. ಆದರೆ ಒಬ್ಬರ ಸಾವಿನ ಸತ್ಯ ಹೇಳೋಕೆ ಹೋಗುವವಳು ತನ್ನ ಕೂಲಿ ಬಿಟ್ಟು ಹೋಗಬೇಕು. ಹೋಗದಿದ್ದರೆ ವಾರಂಟು. ಈ ಕಾನೂನು ಬರೆದವರು ಯಾರೂ ಹಬ್ಬದ ಹಿಂದಿನ ದಿನ ಇನ್ನೊಬ್ಬರ ಅಡುಗೆಮನೆಯಲ್ಲಿ ಕೂತಿರಲಿಲ್ಲ ಅನ್ನಿಸುತ್ತೆ.

ಭಾಗ್ಯ ಕೋರ್ಟಿಂದ ಬಂದ ಆ ಸಂಜೆಯೇ ನಾನು ಅವಳನ್ನು ಕೇಳಿದೆ. ಕೋರ್ಟಿನಲ್ಲಿ ಹೇಳಿದ್ದನ್ನು ನನಗೂ ಹೇಳು ಅಂದೆ.

"ಪೂರ್ತಿನಾ ಅಕ್ಕ?"

"ಪೂರ್ತಿ."

ಲಕ್ಷ್ಮೀದೇವಮ್ಮ ಒಲೆ ಸಣ್ಣ ಮಾಡಿದರು. ಹೆಂಗಸರು ಕೈ ನಿಲ್ಲಿಸಲಿಲ್ಲ, ಮಾತು ನಿಲ್ಲಿಸಿದರು. ಭಾಗ್ಯ ಮೊದಲಿಂದ ಹೇಳಿದಳು. ನಮ್ಮವರು ನೀರು ಕೇಳಿದರಂತೆ. ಊರಿಗೆಲ್ಲ ನೀರು ಬಿಟ್ಟವರು. ಇವಳ ಬಾಟಲಿಯಲ್ಲಿ ಒಂದು ಗುಟುಕು ಇತ್ತಂತೆ, ಕುಡಿಸಿದಳಂತೆ. ವಕೀಲರು ಅದನ್ನು ಕೇಳಲಿಲ್ಲವಂತೆ, ಇವಳೂ ಅಲ್ಲಿ ಹೇಳಲಿಲ್ಲವಂತೆ.

ಡ್ರೈವರ್ ಜಾಮೀನಿನ ಮೇಲೆ ಓಡಾಡಿಕೊಂಡಿದ್ದಾನೆ. ತೀರ್ಪು ಇನ್ನೂ ಬಂದಿಲ್ಲ. ಏನೇ ಬರಲಿ, ಭಾಗ್ಯ ಹೇಳಿದ್ದು ಅಲ್ಲಿ ಟೈಪಾಗಿ ಕೂತಿದೆ. ಆ ಮಾತಿಗೆ ಇನ್ನು ಯಾರೂ ರಜೆ ಕೊಡಬೇಕಾಗಿಲ್ಲ, ಯಾರ ಅಂಗಡಿಯೂ ಅಡ್ಡ ಬರಲ್ಲ.