ನನ್ನ ಹಾಳೆ, ಅವಳ ಕುರ್ಚಿ

ಸಿಟ್ಟಿನ ಮಾಸ್ತರ ಎಂದು ನನಗೆ ಹೆಸರಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹತ್ತನೇ ತರಗತಿಯ ಹುಡುಗರು ಸಂಸದೀಯ ಪದ್ಧತಿಯನ್ನೂ ಅಧ್ಯಕ್ಷೀಯ ಪದ್ಧತಿಯನ್ನೂ ಕಲಸಿ ಚಿತ್ರಾನ್ನ ಮಾಡಿ ಬರೆದ ಉತ್ತರಗಳನ್ನು ವರ್ಷಗಟ್ಟಲೆ ತಿದ್ದಿದರೆ ಯಾರಿಗಾದರೂ ಸಿಟ್ಟು ಬಂದೀತು. ಒಬ್ಬ ಭಾರತದ ಪ್ರಧಾನಿಯನ್ನು ನಾಲ್ಕು ವರ್ಷಕ್ಕೆ ನೇಮಿಸಿದ್ದ. ಇನ್ನೊಬ್ಬಳು ಅಮೆರಿಕದ ಅಧ್ಯಕ್ಷರನ್ನು ಲೋಕಸಭೆಯಲ್ಲಿ ಸೋಲಿಸಿ ಮನೆಗೆ ಕಳಿಸಿದ್ದಳು.

ಅದಕ್ಕೇ ಆ ವರ್ಷ ದಸರೆ ರಜೆ ಮುಗಿಸಿ ಬರುವಾಗ ಒಂದು ಹಾಳೆ ತಯಾರಿಸಿಕೊಂಡು ಬಂದೆ. ನಡುವೆ ಒಂದು ಗೆರೆ. ಎಡಕ್ಕೆ ಸಂಸದೀಯ, ಬಲಕ್ಕೆ ಅಧ್ಯಕ್ಷೀಯ. ಎಡಗಡೆ, ದೇಶದ ಮುಖ್ಯಸ್ಥರು ಬೇರೆ, ಸರಕಾರದ ಮುಖ್ಯಸ್ಥರು ಬೇರೆ. ಬಲಗಡೆ ಎರಡೂ ಒಬ್ಬರೇ. ಎಡಗಡೆ, ಜನ ಪ್ರತಿನಿಧಿಗಳನ್ನು ಆರಿಸುತ್ತಾರೆ, ಅವರಲ್ಲಿ ಬಹುಮತ ಇರುವವರು ಪ್ರಧಾನಿ. ಬಲಗಡೆ, ಅಧ್ಯಕ್ಷರಿಗೇ ಬೇರೆ ಚುನಾವಣೆ. ಎಡಗಡೆ, ಸದನದ ವಿಶ್ವಾಸ ಇರುವವರೆಗೆ ಮಾತ್ರ ಕುರ್ಚಿ, ಹೋದರೆ ಮಂತ್ರಿಮಂಡಲ ಪೂರ್ತಿ ರಾಜೀನಾಮೆ. ಬಲಗಡೆ, ಅವಧಿ ನಿಗದಿ, ದೊಡ್ಡ ಅಪರಾಧ ಸಾಬೀತಾದರೆ ಮಾತ್ರ ನಡುವೆ ಇಳಿಸಬಹುದು. ಅಮೆರಿಕದಲ್ಲಿ ಜನರ ಮತ ನೇರವಾಗಿ ಅಧ್ಯಕ್ಷರಿಗೆ ಬೀಳುವುದಿಲ್ಲ, ನಡುವೆ ಪ್ರತಿನಿಧಿಗಳಿದ್ದಾರೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೆ. ಕುಂದಗೋಳದ ಜೆರಾಕ್ಸ್ ಅಂಗಡಿಯವನು ಪ್ರತಿ ತೆಗೆಯುತ್ತಲೇ ಓದಿ, “ಮಾಸ್ತರ, ಭಾಳ ಸರಳ ಬರದೀರಿ ಬಿಡ್ರಿ, ನನಗೂ ತಿಳೀತು” ಎಂದ. ಆ ಒಂದು ಮಾತಿಗೆ ನಮ್ಮ ಶಾಲೆಯ ಊರು ಯರಗುಪ್ಪಿಯವರೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋದದ್ದೂ ನನಗೆ ಗೊತ್ತಾಗಲಿಲ್ಲ.

ಹತ್ತನೇ ತರಗತಿಗೆ ಹಾಳೆ ಹಂಚಿದ ನಾಲ್ಕನೆಯ ದಿನ ಆ ತರಗತಿಯ ಕಬಡ್ಡಿ ತಂಡದ ನಾಯಕ, ಉದ್ದನೆಯ ಹುಡುಗ, ಏಳೆಂಟು ಮಂದಿಯನ್ನು ಕಟ್ಟಿಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದ. ಕೈಯಲ್ಲಿ ನನ್ನ ಹಾಳೆ, ಅದಕ್ಕೆ ಪಿನ್ನು ಹೊಡೆದ ಇನ್ನೊಂದು ಹಾಳೆ, ಅದರ ತುಂಬ ಸಹಿ.

“ಏನ್ಲೇ ಇದು?” ಎಂದೆ.

“ಅವಿಶ್ವಾಸ ಗೊತ್ತುವಳಿ ರೀ ಸರ್. ನಮ್ಮ ಶಾಲಾ ಪ್ರಧಾನಮಂತ್ರಿ ಮ್ಯಾಲ.”

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಡೆಸುವವನು ನಾನೇ. ಮೊಬೈಲಿನಲ್ಲಿ ಮತಯಂತ್ರದ ಆ್ಯಪ್ ಹಾಕಿ, ಬೆರಳಿಗೆ ಸ್ಕೆಚ್ ಪೆನ್ನಿನ ಗುರುತು ಮಾಡಿ, ಎಂಟರಿಂದ ಹತ್ತರವರೆಗಿನ ಎಲ್ಲ ಮಕ್ಕಳಿಂದ ಮತ ಹಾಕಿಸುತ್ತೇವೆ. ಆ ವರ್ಷ ಗೆದ್ದು ಪ್ರಧಾನಿಯಾದವಳು ಹತ್ತನೇ ತರಗತಿಯ ಹುಡುಗಿ. ಅವಳ ಅಪ್ಪ ಕುರಿ ಕಾಯುವವನು; ಮಗಳು ಪ್ರಧಾನಿಯಾದ ದಿನ ಶಾಲೆಯ ಗೇಟಿನವರೆಗೆ ಬಂದು, ಒಳಗೆ ಬರಲು ಸಂಕೋಚಪಟ್ಟು, ಹೊರಗಿನಿಂದಲೇ ನೋಡಿ ಹೋಗಿದ್ದ.

ಈ ಹುಡುಗಿ ಬಂದವಳೇ ಒಂದು ಕೆಲಸ ಮಾಡಿದಳು. ಬಿಸಿಯೂಟಕ್ಕೆ ಹತ್ತನೆಯವರು ಮೊದಲು, ಸಣ್ಣವರು ಕೊನೆಗೆ ಎಂಬುದು ನಮ್ಮಲ್ಲಿ ಹಳೆಯ ರೂಢಿ. ಎಂಟನೆಯವರ ತಟ್ಟೆಗೆ ಬರುವಷ್ಟರಲ್ಲಿ ಸಾಂಬಾರಿನಲ್ಲಿ ತರಕಾರಿ ಹುಡುಕಬೇಕಾಗುತ್ತಿತ್ತು. ಅವಳು ಅದನ್ನು ತಿರುಗಿಸಿದಳು. ಎಂಟನೆಯವರು ಮೊದಲು, ಹತ್ತನೆಯವರು ಕೊನೆಗೆ. ಸಾಲು ತಪ್ಪಿದವರಿಗೆ, ಸಣ್ಣವರೋ ದೊಡ್ಡವರೋ ನೋಡದೆ, ಎಲ್ಲರೆದುರು ಬೈಗುಳ. ಹುಡುಗರ ಹೊಟ್ಟೆಯ ವಿಷಯ ಅಂದರೆ ಸಾಮಾನ್ಯವೇ? ಆ ಸಾಲಿಗಾಗಿಯೇ ಈ ಗೊತ್ತುವಳಿ ಎಂದು ನನಗೆ ತಕ್ಷಣ ಗೊತ್ತಾಯಿತು.

ಗೊತ್ತಾದರೂ ಸಿಟ್ಟು ಬರಲಿಲ್ಲ. ನಿಜ ಹೇಳುತ್ತೇನೆ, ಹಿಗ್ಗಿದೆ. ಇದುವರೆಗೆ ನನ್ನ ಯಾವ ಪಾಠವನ್ನು ಹುಡುಗರು ನಾಲ್ಕೇ ದಿನದಲ್ಲಿ ಬಳಕೆಗೆ ತಂದಿದ್ದರು? ಮರುದಿನ ಕೊನೆಯ ಪಿರಿಯಡ್ಡಿಗೆ ಚರ್ಚೆ ಇಟ್ಟೆ.

ಕಬಡ್ಡಿ ತಂಡದ ಆ ಹುಡುಗ ಎದ್ದು ನಿಂತು ಎಡಗಡೆಯ ಕಾಲಮ್ಮನ್ನು ಗಟ್ಟಿಯಾಗಿ ಓದಿದ. ವಿಶ್ವಾಸ ಹೋದರೆ ಕುರ್ಚಿ ಹೋಗತಕ್ಕದ್ದು. ಹಿಂದಿನ ಬೆಂಚಿನವರು ಬೆಂಚು ಬಡಿದರು. ಹುಡುಗಿ ಎದ್ದಳು. ಅವಳ ಕೈಯಲ್ಲೂ ಅದೇ ಹಾಳೆ.

“ಸರ್, ಪ್ರಧಾನಮಂತ್ರೀನ ಪ್ರತಿನಿಧಿಗಳು ಆರಸ್ತಾರ ಅಂತ ಬರದೀರಿ. ನನ್ನ ಯಾವ ಪ್ರತಿನಿಧಿ ಆರಿಸ್ಯಾನ್ರಿ? ಇಡೀ ಶಾಲೇನ ಓಟ್ ಹಾಕೇತಿ. ಒಂದು ವರ್ಷಕ್ಕ ಅಂತ ನೀವ ಹೇಳೀರಿ. ಅಂದ್ರ ನಾ ಬಲಗಡೆ ಬರತೇನಿ. ನಾ ದೊಡ್ಡ ಅಪರಾಧ ಏನ ಮಾಡೇನಿ ಅಂತ ಇವರು ಹೇಳಲಿ. ಸಣ್ಣವರಿಗೆ ಮೊದಲ ಊಟ ಕೊಟ್ಟದ್ದು ಅಪರಾಧ ಏನ್ರಿ?”

ನಾನು ನನ್ನ ಹಾಳೆಯನ್ನೇ ಮತ್ತೊಮ್ಮೆ ಓದಿಕೊಂಡೆ. ಒಂಬತ್ತು ವರ್ಷದಿಂದ ನಾನು ನಡೆಸುತ್ತ ಬಂದದ್ದಕ್ಕೆ ಸಂಸತ್ತು ಎಂದು ಹೆಸರು, ಮಾಡಿದ್ದೆಲ್ಲ ಅಧ್ಯಕ್ಷರ ಚುನಾವಣೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಬೇರೆಯವರಿಗೆ ಅನ್ನುತ್ತ ಓಡಾಡಿದವನು ನಾನು. “ತಪ್ಪು ನಂದ ಐತಿ” ಎಂದು ಎಲ್ಲರೆದುರು ಒಪ್ಪಿಕೊಂಡೆ. ಈ ಹಾಳೆಯ ಪ್ರಕಾರ ಅವಳನ್ನು ಯಾರೂ ಇಳಿಸಲು ಬರುವುದಿಲ್ಲ, ವರ್ಷ ಮುಗಿಯುವವರೆಗೆ ಅವಳೇ ಇರುತ್ತಾಳೆ, ಮುಂದಿನ ವರ್ಷದಿಂದ ಸರಿಮಾಡೋಣ ಎಂದೆ. ಹುಡುಗರು ಗೊಣಗುತ್ತ ಹೋದರು.

ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಎರಡು ದಿನ ಬಿಟ್ಟು ಹುಡುಗಿ ತಾನೇ ಬಂದಳು. ಮುಖ ಬಾಡಿತ್ತು.

“ಸರ್, ನಾ ಎಡಗಡೆನೇ ಬರತೇನ್ರಿ.”

“ಯಾಕವಾ? ಗೆದ್ದೀಯಲ್ಲ.”

“ಮಾಸ್ತರ ತಪ್ಪಿನ ಮ್ಯಾಲ ಕುಂತಾಕಿ ಅಂತ ಕರೀತಾರ್ರಿ. ಸಾಲು ಸರಿ ಮಾಡಾಕ ಹೋದ್ರ ಅದನ್ನ ಅಂತಾರ. ಸರಿಯಾಗಿ ಪ್ರತಿನಿಧಿಗಳ ಚುನಾವಣಿ ಮಾಡ್ರಿ. ನಾನ ವಿಶ್ವಾಸ ಕೇಳತೇನಿ.”

ಬೇಡ ಎಂದು ಮೂರು ಸಲ ಹೇಳಿದೆ. ನನಗೆ ಅವಳು ಸೋಲುವುದು ಬೇಕಿರಲಿಲ್ಲ. ಅವಳು ಸೋತರೆ ಸಣ್ಣವರ ಸಾಲೂ ಹೋಗುತ್ತದೆ ಎಂಬ ಭಯ. ಅವಳು ಕೇಳಲಿಲ್ಲ. ಹೆಡ್ ಮಾಸ್ತರರ ಚಿಂತೆ ಬೇರೆಯೇ. “ಪ್ರಧಾನಿ ಪ್ರಮಾಣವಚನದ ಫೋಟೋ ಮೇಲಿನವರ ವಾಟ್ಸಾಪ್ ಗ್ರೂಪಿಗೆ ಹಾಕೇನ್ರಿ. ಈಗ ಬ್ಯಾರೇ ಪ್ರಧಾನಿ ಬಂದ್ರ ಏನ ಹೇಳೂದು?” ಎಂದರು. ನಿಜವಾದ ಸಂಸತ್ತಿನಲ್ಲೂ ಹೀಗಾಗುತ್ತದೆ ಎಂದು ಹೇಳಿ ಅವರನ್ನು ಒಪ್ಪಿಸಿದೆ.

ಮೂರು ತರಗತಿಗಳಲ್ಲಿ ಬೆಂಚುಗಳ ಸಾಲನ್ನೇ ಕ್ಷೇತ್ರ ಮಾಡಿ, ತರಗತಿಗೆ ನಾಲ್ಕರಂತೆ ಹನ್ನೆರಡು ಪ್ರತಿನಿಧಿಗಳನ್ನು ಆರಿಸಿದೆವು. ಹುಡುಗಿ ತನ್ನ ಸಾಲಿನಿಂದ ಗೆದ್ದಳು, ಹುಡುಗ ತನ್ನ ಸಾಲಿನಿಂದ. ಒಂಬತ್ತನೆಯ ತರಗತಿಯ ಒಬ್ಬ ಪ್ರತಿನಿಧಿಯನ್ನು ಎಲ್ಲರೂ ಸೇರಿ ಸಭಾಧ್ಯಕ್ಷನನ್ನಾಗಿ ಮಾಡಿದರು. ಮತ ಸಮ ಬಿದ್ದರೆ ಮಾತ್ರ ನೀನು ಮತ ಹಾಕಬೇಕು ಎಂದು ಹೇಳಿದಾಗ, “ಹಂಗಾರ ನಾ ಯಾಕ ಗೆದ್ದೇನ್ರಿ?” ಎಂದು ಮುಖ ಸಣ್ಣ ಮಾಡಿಕೊಂಡ.

ಶನಿವಾರ ಬೆಳಿಗ್ಗೆ ವಿಶ್ವಾಸಮತ. ಹುಡುಗಿ ಎರಡು ಮಾತಾಡಿ ಕುಳಿತಳು. ಪರವಾಗಿರುವವರು ಕೈ ಎತ್ತಿರಿ ಎಂದ ಸಭಾಧ್ಯಕ್ಷ. ಹತ್ತನೆಯದರಲ್ಲಿ ಅವಳದೊಂದೇ ಕೈ. ಒಂಬತ್ತನೆಯದರಲ್ಲಿ ಎರಡು. ಎಂಟನೆಯದರಲ್ಲಿ ನಾಲ್ಕೂ ಏಳಬೇಕಿತ್ತು, ಎದ್ದದ್ದು ಎರಡು. ಒಟ್ಟು ಐದು. ವಿರುದ್ಧ ಆರು. ಅವಳು ಮೊದಲು ಹುಡುಗನ ಕಡೆ ನೋಡಲಿಲ್ಲ, ವಿರುದ್ಧವಾಗಿ ಎದ್ದ ಎಂಟನೆಯವರ ಎರಡು ಪುಟ್ಟ ಕೈಗಳನ್ನೇ ನೋಡುತ್ತಿದ್ದಳು. ಯಾರಿಗಾಗಿ ಅಷ್ಟು ಬೈಸಿಕೊಂಡಿದ್ದಳೋ ಅವರೇ ಕೈಬಿಟ್ಟಿದ್ದರು.

ಅವಳ ಆಹಾರ ಮಂತ್ರಿಯಾಗಿದ್ದ ಗೆಳತಿ ಮಾತ್ರ ಜೋರಾಗಿ ಜಗಳಕ್ಕೆ ಬಂದಳು. “ಸರ್, ಸೋತಾಕಿ ಅಕಿ. ನಾ ಯಾಕ ರಾಜೀನಾಮೆ ಕೊಡಬೇಕ್ರಿ?” ಹಾಳೆ ನೋಡು ಎಂದೆ. ನೋಡಿ, ಹಾಳೆಯನ್ನು ನಾಲ್ಕಾಗಿ ಮಡಚಿ ಕಂಪಾಸ್ ಡಬ್ಬಿಯೊಳಗೆ ತುರುಕಿ ಕುಳಿತಳು. ಅದೇ ಆರು ಮತಗಳಿಂದ ಹುಡುಗ ಪ್ರಧಾನಿಯಾದ. ಇವಳು ಎದುರಿನ ಬೆಂಚಿಗೆ, ವಿರೋಧ ಪಕ್ಷದ ನಾಯಕಿಯಾಗಿ ಹೋದಳು.

ನನಗೆ ತಡೆಯಲಾಗಲಿಲ್ಲ. ವಿರಾಮದಲ್ಲಿ ಎಂಟನೆಯ ತರಗತಿಯ ಆ ಇಬ್ಬರಲ್ಲಿ ಒಬ್ಬಳನ್ನು ಕರೆದು, ಯಾಕವ್ವಾ ಹೀಗೆ ಮಾಡಿದಿ ಎಂದು ಕೇಳಿದೆ. ಮಾಸ್ತರನಾಗಿ ಹಾಗೆ ಕೇಳಬಾರದಿತ್ತು.

“ಅಕ್ಕ ಚೊಲೋ ಅದಾಳ್ರಿ. ಆದ್ರ ಒಂದ ದಿನಾನೂ ನಮ್ಮ ಕ್ಲಾಸಿಗೆ ಬಂದು ಏನ ಬೇಕು ಅಂತ ಕೇಳಿಲ್ರಿ, ಬರೇ ಬೈತಾಳ. ಕಬಡ್ಡಿ ಅಣ್ಣ ನಿನ್ನೆ ಬಂದು ನೆಲದ ಮ್ಯಾಲ ನಮ್ಮ ಬಾಜು ಕುಂತು ಕೇಳಿದ. ನಾವು ಏನ ಹೇಳಬೇಕೋ ಹೇಳೇವಿ” ಎಂದು ಓಡಿಹೋದಳು. ಏನು ಹೇಳಿದ್ದರು ಎಂಬುದು ಮತ್ತೆ ಸಭೆ ಸೇರಿದಾಗ ತಿಳಿಯಿತು.

ಮೊದಲ ಪ್ರಶ್ನೆ ವಿರೋಧ ಪಕ್ಷದ ನಾಯಕಿಯದು.

“ಇವತ್ತಿಂದ ಊಟಕ್ಕ ಮೊದಲ ಯಾರು ನಿಲ್ಲತಾರ ಅಂತ ಪ್ರಧಾನಮಂತ್ರಿಗಳು ಹೇಳಬೇಕು.”

ಹತ್ತನೆಯ ತರಗತಿಯವರು ಮುಸಿಮುಸಿ ನಗುತ್ತ ಬೆಂಚು ಬಡಿಯಲು ಕೈ ಎತ್ತಿಕೊಂಡರು. ಹುಡುಗ ಎದ್ದು ನಿಂತ. ಎಂಟನೆಯ ತರಗತಿಯ ಆ ಇಬ್ಬರು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬರು ಆಚೆ ಸರಿದರೂ ಆರು ಐದಾಗುತ್ತದೆ, ಐದು ಆರಾಗುತ್ತದೆ. ಅಷ್ಟು ಲೆಕ್ಕ ಕಬಡ್ಡಿ ಆಡುವವನಿಗೆ ಬರುತ್ತದೆ.

“ಎಂಟನೇದವರೇ” ಎಂದ. ಆಮೇಲೆ ತನ್ನ ಗೆಳೆಯರ ಕಡೆ ತಿರುಗಿ, “ಮಾತ ಕೊಟ್ಟೇನಲೇ, ಏನ ಮಾಡೂದು” ಎಂದ. ಎತ್ತಿದ ಕೈಗಳು ಹಾಗೆಯೇ ಕೆಳಗಿಳಿದವು. ಸಭಾಧ್ಯಕ್ಷ ಕುಳಿತುಕೊಳ್ಳಲು ಹೇಳಿದ ಮೇಲೆ ಹುಡುಗಿ ಕುಳಿತಳು.

ಶನಿವಾರವಾದ್ದರಿಂದ ಊಟ ಬೇಗ. ಅಂಗಳದಲ್ಲಿ ಎಂಟನೆಯವರು ಮೊದಲು ನಿಂತರು, ಅವರ ಹಿಂದೆ ಒಂಬತ್ತನೆಯವರು. ಕಟ್ಟಕಡೆಗೆ ಹೊಸ ಪ್ರಧಾನಿ, ತಟ್ಟೆ ಹಿಡಿದುಕೊಂಡು ಗೆಳೆಯರನ್ನು ಹೆಗಲು ಹಿಡಿದು ಸಾಲಿಗೆ ತಳ್ಳುತ್ತಿದ್ದ. ಸಾಂಬಾರಿನ ಬಕೆಟ್ಟಿನ ಹತ್ತಿರ ನಿಂತು ನಾನು ನೋಡುತ್ತಿದ್ದೆ. ಹುಡುಗಿ ನೀರು ಕುಡಿದು ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳ ಕಣ್ಣುಗಳು ಕೆಂಪಾಗಿದ್ದವು, ಮುಖದಲ್ಲಿ ಮಾತ್ರ ನಗು ತಡೆದರೂ ನಿಲ್ಲುತ್ತಿರಲಿಲ್ಲ.

“ನೋಡ್ರಿ ಸರ್,” ಎಂದಳು. “ನಾ ಪ್ರಧಾನಿ ಇದ್ದಾಗ ಇಂವ ಕಡೀಗೆ ನಿಲ್ಲೂದಿಲ್ಲ ಅಂತ ದಿನಾ ಮನಿಂದ ಊಟದ ಡಬ್ಬಿ ತರತಿದ್ದ.”